ವಾಚ್ ಟೈಮ್ ಮುಖ್ಯನೋ, ಕೊನೆತನಕ ನೋಡೋದು ಮುಖ್ಯನೋ? ಒಂದು ದ್ರಾಕ್ಷಿ ವಿಡಿಯೋದ ಲೆಕ್ಕ

ಪ್ರಶ್ನೆ: ಸರ್ ನಮಸ್ಕಾರ, ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನು. ದ್ರಾಕ್ಷಿಯ ಅಕ್ಟೋಬರ್ ಚಾಟನಿ, ಅಂದ್ರೆ ಬಳ್ಳಿಯ ಕಡ್ಡಿ ಕತ್ತರಿಸೋದರ ಬಗ್ಗೆ ಯೂಟ್ಯೂಬ್‌ನಲ್ಲಿ 14 ನಿಮಿಷದ ವಿಡಿಯೋ ಹಾಕಿದ್ದೆ, ನಮ್ಮ ಕಾಕಾ ಕತ್ತರಿ ಹಿಡಿದು ತೋರಿಸ್ತಾರೆ. ಜನ ಸರಾಸರಿ 3 ನಿಮಿಷ 30 ಸೆಕೆಂಡ್ ನೋಡಿದ್ದಾರೆ, ಅಂದ್ರೆ ಶೇ. 25. ಗ್ರಾಫ್ 30 ಸೆಕೆಂಡಿಗೇ 40ಕ್ಕೆ ಬೀಳುತ್ತೆ. ಅದೇ ತೋಟದಲ್ಲಿ ಮಾಡಿದ 2 ನಿಮಿಷದ ಇನ್ನೊಂದು ಅಡ್ಡ ವಿಡಿಯೋಗೆ ಶೇ. 70 ಬಂದಿದೆ, ಅಂದ್ರೆ ಶೇ. 70 ಜನ ಪೂರ್ತಿ ನೋಡಿದ ಹಾಗೆ. ಥಂಬ್‌ನೇಲ್ ಕಂಡವರಲ್ಲಿ ಒತ್ತಿ ಒಳಗೆ ಬಂದವರ ಪಾಲು, ಅಂದ್ರೆ ಸಿಟಿಆರ್ ಕೂಡ ಅದಕ್ಕೆ ಶೇ. 6, ದೊಡ್ಡದಕ್ಕೆ ಶೇ. 5. ಆದ್ರೂ ದೊಡ್ಡದೇ ಜಾಸ್ತಿ ಜನರಿಗೆ ಹೋಗ್ತಿದೆ. ಯಾಕೆ? ಮುಂದೆ ಸಣ್ಣ ವಿಡಿಯೋ ಮಾಡ್ಲಾ, ದೊಡ್ಡದು ಮಾಡ್ಲಾ? ಲಿಂಕು, ಸ್ಕ್ರೀನ್‌ಶಾಟು ಎರಡೂ ಕಳಿಸಿದ್ದೀನಿ.

ಉತ್ತರ: ಮೊದಲು ಒಂದು ತಿದ್ದುಪಡಿ. ಶೇ. 70 ಅಂದರೆ ಶೇ. 70 ಜನ ಪೂರ್ತಿ ನೋಡಿದರು ಅಂತಲ್ಲ. ಸರಾಸರಿ ತೆಗೆದರೆ ಒಬ್ಬೊಬ್ಬರು ಆ ವಿಡಿಯೋದ ಶೇ. 70 ಭಾಗ ನೋಡಿದ್ದಾರೆ ಅಂತ. ಯೂಟ್ಯೂಬ್ ಸ್ಟುಡಿಯೋದಲ್ಲಿ ಇದಕ್ಕೆ Average percentage viewed ಅನ್ನುತ್ತಾರೆ. ಕೊನೆತನಕ ನೋಡಿದವರು ಎಷ್ಟು ಜನ ಅನ್ನೋದು ಬೇರೆಯೇ ಲೆಕ್ಕ. ಅದನ್ನು ಕಂಪ್ಲೀಷನ್ ರೇಟ್ ಅಂತೀವಿ. ಸ್ಟುಡಿಯೋದ ಮುಖ್ಯ ಪುಟದಲ್ಲಿ ಆ ಅಂಕಿ ಎದ್ದು ಕಾಣುವುದಿಲ್ಲ, ಯಾವ ಕ್ಷಣದಲ್ಲಿ ನೂರಕ್ಕೆ ಎಷ್ಟು ಜನ ಇನ್ನೂ ನೋಡ್ತಿದ್ದರು ಅಂತ ತೋರಿಸೋ ರಿಟೆನ್ಷನ್ ಗ್ರಾಫಿನ ಬಲತುದಿಗೆ ಬೆರಳಿಟ್ಟು ನೀವೇ ಓದಿಕೊಳ್ಳಬೇಕು. ನೀವು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಸಣ್ಣ ವಿಡಿಯೋದ ಗೆರೆ ಕೊನೆಗೆ ಸುಮಾರು 45ಕ್ಕೆ ಬಂದು ನಿಂತಿದೆ. ಹಾಗಾಗಿ ಅದರ ಕಂಪ್ಲೀಷನ್ ಶೇ. 45, ಶೇ. 70 ಅಲ್ಲ.

ಬನಶಂಕರಿ ಜಾತ್ರೆಯ ಕಂಪನಿ ನಾಟಕ ನೋಡಿರ್ತೀರಲ್ಲ, ಅಲ್ಲಿ ಟಿಕೆಟ್ ಎಷ್ಟು ಹರಿದವು ಅನ್ನೋದು ವ್ಯೂಸ್. ಮಂಗಳದ ತನಕ ಎಷ್ಟು ಜನ ಕೂತಿದ್ದರು ಅನ್ನೋದು ಕಂಪ್ಲೀಷನ್. ಎಲ್ಲರೂ ಸೇರಿ ಒಟ್ಟು ಎಷ್ಟು ತಾಸು ಕೂತರು ಅನ್ನೋದು ವಾಚ್ ಟೈಮ್. ಈ ಮೂರೂ ಒಂದೇ ದಿಕ್ಕಿಗೆ ಹೋಗಬೇಕು ಅಂತೇನಿಲ್ಲ, ನಿಮ್ಮ ಎರಡು ವಿಡಿಯೋಗಳಲ್ಲಿ ಹೋಗಿಲ್ಲ ಕೂಡ.

ಈಗ ದೊಡ್ಡದು ಯಾಕೆ ಗೆದ್ದಿತು ನೋಡೋಣ.

2012ಕ್ಕೆ ಮುಂಚೆ ಯೂಟ್ಯೂಬ್ ಮುಖ್ಯವಾಗಿ ವ್ಯೂಸ್ ನೋಡಿ ವಿಡಿಯೋ ಮುಂದೆ ತಳ್ಳುತ್ತಿತ್ತು. ಆಗ ಏನಾಯ್ತು ಅಂದರೆ, ಥಂಬ್‌ನೇಲಿನಲ್ಲಿ ಒಂದು, ಒಳಗೆ ಇನ್ನೊಂದು ಇರೋ ವಿಡಿಯೋಗಳೇ ಮೇಲೆ ಬಂದವು. ಜನ ಒತ್ತೋದು, ಮೋಸ ಅಂತ ಗೊತ್ತಾಗಿ ಹತ್ತು ಸೆಕೆಂಡಿಗೆ ಹೊರಗೆ ಬರೋದು. ಆದರೂ ವ್ಯೂ ಎಣಿಕೆ ಆಗಿಬಿಡುತ್ತಿತ್ತು. ಆ ವರ್ಷ ಅವರು ಅಳತೆ ಬದಲಿಸಿ ವಾಚ್ ಟೈಮ್‌ಗೆ ಬಂದರು. ಮುಂದೆ 2016ರಲ್ಲಿ ಗೂಗಲ್‌ನ ಮೂವರು ಇಂಜಿನಿಯರ್‌ಗಳು ತಮ್ಮ ಶಿಫಾರಸು ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ನಮ್ಮಂಥವರಿಗೆ ಬೇಕಾದ ಮಾತು ಒಂದೇ: ಈ ವಿಡಿಯೋವನ್ನು ಈ ಮನುಷ್ಯನ ಮುಂದೆ ಒಂದು ಸಲ ತೋರಿಸಿದರೆ ಎಷ್ಟು ಹೊತ್ತಿನ ನೋಟ ಸಿಗಬಹುದು ಅಂತ ವ್ಯವಸ್ಥೆ ಅಂದಾಜು ಮಾಡುತ್ತೆ, ಆ ಅಂದಾಜಿನ ಮೇಲೆ ವಿಡಿಯೋಗಳನ್ನು ಮೇಲೆ ಕೆಳಗೆ ಜೋಡಿಸುತ್ತೆ.

"ಒಂದು ಸಲ ತೋರಿಸಿದರೆ" ಅನ್ನೋದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲೆಕ್ಕ ಶುರುವಾಗೋದು ವ್ಯೂನಿಂದ ಅಲ್ಲ, ಇಂಪ್ರೆಶನ್‌ನಿಂದ. ಯಾರದೋ ಫೋನಿನಲ್ಲಿ ನಿಮ್ಮ ಥಂಬ್‌ನೇಲ್ ಕಾಣಿಸಿತು, ಅಷ್ಟೇ. ಅವರು ಒತ್ತಬಹುದು, ಬಿಡಬಹುದು.

ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. ಎರಡನ್ನೂ ತಲಾ 1,000 ಸಲ ತೋರಿಸಿದರು ಅಂತ ಇಟ್ಟುಕೊಳ್ಳಿ. ದೊಡ್ಡದಕ್ಕೆ ಸಿಟಿಆರ್ ಶೇ. 5, ಅಂದರೆ 50 ಜನ ಒಳಗೆ ಬಂದರು. ಒಬ್ಬೊಬ್ಬರು ಸರಾಸರಿ 210 ಸೆಕೆಂಡ್. ಒಟ್ಟು 10,500 ಸೆಕೆಂಡ್, ಅಂದರೆ 175 ನಿಮಿಷ. ಸಣ್ಣದಕ್ಕೆ 60 ಜನ ಬಂದರು, ಆದರೆ 2 ನಿಮಿಷದ ಶೇ. 70 ಅಂದರೆ ಬರೀ 84 ಸೆಕೆಂಡ್. ಒಟ್ಟು 5,040 ಸೆಕೆಂಡ್, 84 ನಿಮಿಷ. ಜಾಗ ಒಂದೇ, ತೋರಿಸಿದ್ದೂ ಅಷ್ಟೇ ಸಲ, ಆದರೆ ದೊಡ್ಡದು ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ಜನರನ್ನು ಹಿಡಿದಿಟ್ಟಿದೆ. ಅದಕ್ಕೇ ಅದನ್ನು ಇನ್ನಷ್ಟು ಜನರ ಮುಂದೆ ಇಡ್ತಿದ್ದಾರೆ.

ಶೇಕಡಾ ನೋಡಿ ಸಣ್ಣದೇ ಒಳ್ಳೇದು ಅಂದುಕೊಳ್ಳೋದು ತುಂಬಾ ಜನ ಮಾಡುವ ಕೆಲಸ. ಶೇಕಡಾವನ್ನು ಸುಮ್ನೆ ಮೇಲೆ ತರೋದು ಸುಲಭ ಕಣ್ರೀ. ನಿಮ್ಮ 14 ನಿಮಿಷದ ವಿಡಿಯೋದ ಕೊನೆಯ 5 ನಿಮಿಷ ಕಿತ್ತು ಹಾಕಿ 9 ನಿಮಿಷ ಮಾಡಿ. ಜನ ಸರಾಸರಿ ಅದೇ 3 ನಿಮಿಷ 30 ಸೆಕೆಂಡ್ ನೋಡಿದರೂ ಶೇ. 25 ಇದ್ದದ್ದು ಶೇ. 39 ಆಗುತ್ತೆ. ಆದರೆ ವಾಚ್ ಟೈಮ್ ಒಂದು ಸೆಕೆಂಡೂ ಏರಿಲ್ಲ. ಇದರ ಉಲ್ಟಾನೂ ನಿಜ. ಎಂಟು ನಿಮಿಷ ದಾಟಿದರೆ ನಡುವೆ ಜಾಹೀರಾತು ಹಾಕಬಹುದು ಅಂತ ಮೂರು ನಿಮಿಷದ ವಿಷಯವನ್ನು ಎಳೆದು ಎಳೆದು ಹತ್ತು ಮಾಡ್ತಾರಲ್ಲ, ಅಲ್ಲಿ ಉದ್ದ ಮಾತ್ರ ಬೆಳೆಯುತ್ತೆ, ನೋಡುವ ಹೊತ್ತು ಬೆಳೆಯಲ್ಲ. ಬೇಜಾರಾಗಿ ಬೇಗ ಎದ್ದು ಹೋದರೆ ಕಮ್ಮಿಯೇ ಆಗುತ್ತೆ.

ಹಾಗಂತ ಕಂಪ್ಲೀಷನ್ ಬೇಡ ಅಂತಲ್ಲ. ವಿಡಿಯೋ ಸಣ್ಣದಾದಷ್ಟೂ ಅದರ ತೂಕ ಜಾಸ್ತಿ. ಎರಡು ನಿಮಿಷದ್ದನ್ನು ಯಾರಾದರೂ 40 ಸೆಕೆಂಡಿಗೆ ಬಿಟ್ಟರು ಅಂದರೆ ಏನೋ ಸರಿ ಹೋಗಿಲ್ಲ ಅಂತಲೇ ಅರ್ಥ. ಹದಿನಾಲ್ಕು ನಿಮಿಷದ್ದನ್ನು ಆರು ನಿಮಿಷ ನೋಡಿ, ತನಗೆ ಬೇಕಾದ್ದು ಸಿಕ್ಕಿತು ಅಂತ ಎದ್ದು ಹೋದವನು ಖುಷಿಯಾಗೇ ಹೋಗಿರ್ತಾನೆ. ಇನ್ನೊಂದು, ಯೂಟ್ಯೂಬ್ ಈಗ ಬರೀ ಹೊತ್ತನ್ನು ಎಣಿಸುತ್ತಾ ಕೂತಿಲ್ಲ. ನೋಡಿದವರಲ್ಲಿ ಕೆಲವರಿಗೆ "ವಿಡಿಯೋ ಹೇಗಿತ್ತು" ಅಂತ ಕೇಳುತ್ತೆ, ಲೈಕು, ಡಿಸ್‌ಲೈಕು, "ಇದು ನನಗೆ ಬೇಡ" ಅಂತ ಒತ್ತಿದ್ದು ಎಲ್ಲವನ್ನೂ ಸೇರಿಸಿಕೊಳ್ಳುತ್ತೆ. ಹಾಗಾಗಿ ಮೇಲಿನ ಲೆಕ್ಕ ದಿಕ್ಕು ತೋರಿಸಲಿಕ್ಕೆ ಸಾಕು, ಆದರೆ ಪೂರ್ತಿ ಸೂತ್ರ ಅಂದುಕೊಳ್ಳಬೇಡಿ.

ಇಷ್ಟು ಹೇಳಿದ ಮೇಲೆ ಅಸಲಿ ವಿಷಯಕ್ಕೆ ಬರ್ತೀನಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಬೆಲೆಬಾಳೋ ಅಂಕಿ ಅನ್ನಿಸಿದ್ದು 70 ಅಲ್ಲ, 25 ಅಲ್ಲ. "30 ಸೆಕೆಂಡಿಗೇ 40ಕ್ಕೆ ಬೀಳುತ್ತೆ" ಅಂದಿರಲ್ಲ, ಅದು.

ಸರಾಸರಿ 3 ನಿಮಿಷ 30 ಸೆಕೆಂಡ್ ಅಂದ ತಕ್ಷಣ ಎಲ್ಲರೂ ಮೂರೂವರೆ ನಿಮಿಷದ ಹತ್ತಿರ ಎದ್ದು ಹೋದರು ಅಂತ ಕಣ್ಣಿಗೆ ಕಟ್ಟುತ್ತೆ. ನಿಮ್ಮಲ್ಲಿ ಆಗಿದ್ದು ಅದಲ್ಲ. ನೂರರಲ್ಲಿ 60 ಜನ ಅರ್ಧ ನಿಮಿಷದೊಳಗೇ ಹೋಗಿದ್ದಾರೆ. ಅವರು ಸರಾಸರಿ 15 ಸೆಕೆಂಡ್ ಇದ್ದರು ಅಂತ ಹಿಡಿಯೋಣ. 60 ಜನರಿಂದ ಸಿಕ್ಕಿದ್ದು 900 ಸೆಕೆಂಡ್. ನೂರು ಜನರ ಒಟ್ಟು ಹೊತ್ತು 21,000 ಸೆಕೆಂಡ್. ಅಂದರೆ ಉಳಿದ 20,100 ಸೆಕೆಂಡನ್ನು 40 ಜನ ನೋಡಿದ್ದಾರೆ, ಒಬ್ಬೊಬ್ಬರು ಸುಮಾರು 502 ಸೆಕೆಂಡ್. ಎಂಟು ನಿಮಿಷ 22 ಸೆಕೆಂಡ್!

ಇದು ಸಣ್ಣ ಮಾತಲ್ಲ. ಉಳಿದುಕೊಂಡವರು ಹದಿನಾಲ್ಕರಲ್ಲಿ ಎಂಟು ನಿಮಿಷಕ್ಕೂ ಜಾಸ್ತಿ ಕೂತು ನೋಡಿದ್ದಾರೆ. ನಿಮ್ಮ ಕಾಕಾ ಹೇಳಿದ್ದರಲ್ಲಿ ಸರಕಿದೆ, ವಿಡಿಯೋದ ಹೊಟ್ಟೆ ಚೆನ್ನಾಗಿದೆ. ತೊಂದರೆ ಇರೋದು ಬಾಗಿಲಲ್ಲಿ. ಇದೇ 3 ನಿಮಿಷ 30 ಸೆಕೆಂಡ್ ಸರಾಸರಿ, ಮೊದಲ ಮೂರು ನಿಮಿಷ ಯಾರೂ ಕದಲದೆ ಆಮೇಲೆ ಒಟ್ಟಿಗೆ ಎದ್ದು ಹೋಗಿದ್ದರಿಂದಲೂ ಬರಬಹುದಿತ್ತು. ಆಗ ತೊಂದರೆ ಮೂರನೇ ನಿಮಿಷದ ಮಾತಿನಲ್ಲಿ ಅಂತ ಹೇಳ್ತಿದ್ದೆ. ಸರಾಸರಿ ಒಂದೇ ಇದ್ದರೂ ರೋಗ ಬೇರೆ ಬೇರೆ. ಅದಕ್ಕೇ ಅಂಕಿ ನೋಡಿ ನಿಲ್ಲಬೇಡಿ, ಗೆರೆಯ ಆಕಾರ ನೋಡಿ ಅನ್ನೋದು.

ನಿಮ್ಮ ವಿಡಿಯೋದ ಮೊದಲ ಭಾಗವನ್ನು ನೋಡಿದೆ. ಚಾನೆಲ್ ಲೋಗೋ ತಿರುಗೋ ಸಂಗೀತ, ಆಮೇಲೆ ತೋಟದ ಮೇಲಿಂದ ಡ್ರೋನ್, ಆಮೇಲೆ ನೀವು ಬಂದು ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ ಅನ್ನೋದು, ಆಮೇಲೆ ಕಾಕಾ ಅವರ ಪರಿಚಯ, ಎಷ್ಟು ಎಕರೆ, ಯಾವ ತಳಿ. ಕಾಕಾ ಕತ್ತರಿ ಕೈಗೆ ತಗೊಳ್ಳೋದು 1 ನಿಮಿಷ 10 ಸೆಕೆಂಡಿಗೆ. ನಿಮ್ಮ ಟೈಟಲ್ ನೋಡಿ ಬಂದ ರೈತನ ತಲೆಯಲ್ಲಿ ಇರೋದು ಒಂದೇ ಪ್ರಶ್ನೆ, ಕಡ್ಡಿಯ ಎಷ್ಟನೇ ಕಣ್ಣಿಗೆ, ಅಂದರೆ ಮೊಗ್ಗಿಗೆ, ಕತ್ತರಿ ಹಾಕಬೇಕು ಅಂತ. ಅವನು ನಾಳೆ ಬೆಳಿಗ್ಗೆ ಆಳು ಹಚ್ಚಬೇಕು. ಎಪ್ಪತ್ತು ಸೆಕೆಂಡ್ ಆದರೂ ಕಡ್ಡಿ ಕಾಣಿಸಲಿಲ್ಲ ಅಂದರೆ ಮುಂದಿನ ವಿಡಿಯೋಗೆ ಹೋಗ್ತಾನೆ, ತಪ್ಪೇನಿಲ್ಲ.

ಒಳ್ಳೇ ಸುದ್ದಿ ಏನಪ್ಪಾ ಅಂದರೆ ಇದಕ್ಕೆ ವಿಡಿಯೋ ಡಿಲೀಟ್ ಮಾಡಿ ಮತ್ತೆ ಹಾಕಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಸ್ಟುಡಿಯೋ ತೆರೆದು, ಆ ವಿಡಿಯೋದ Editor ಒಳಗೆ Trim & cut ತಗೊಂಡು, ಆ ಮೊದಲ 70 ಸೆಕೆಂಡ್ ಕತ್ತರಿಸಿ ಸೇವ್ ಮಾಡಿ. ಲಿಂಕ್ ಅದೇ ಇರುತ್ತೆ, ವ್ಯೂಸು ಕಾಮೆಂಟು ಎಲ್ಲ ಹಾಗೇ ಉಳಿಯುತ್ತೆ. ಸಂಸ್ಕರಣೆಗೆ ಕೆಲವು ತಾಸು ಹಿಡಿಯಬಹುದು, ಅಲ್ಲಿ ತನಕ ಹಳೆಯದೇ ಓಡ್ತಿರುತ್ತೆ. ಇನ್ನೂ ಪಾರ್ಟ್‌ನರ್ ಪ್ರೋಗ್ರಾಮ್ ಸೇರದ ಚಾನೆಲ್ಲಿಗೆ ಒಂದು ಮಿತಿ ಇದೆ, ವಿಡಿಯೋ 1 ಲಕ್ಷ ವ್ಯೂ ದಾಟಿದರೆ ಹೀಗೆ ಕತ್ತರಿಸಿ ಉಳಿಸಲು ಬಿಡದೇ ಇರಬಹುದು. ನಿಮ್ಮದು ಅಷ್ಟು ದಾಟಿಲ್ಲ, ಹಾಗಾಗಿ ಈಗಲೇ ಮಾಡಿ.

ಇದರಿಂದ ಎಷ್ಟು ಸಿಗಬಹುದು? ಜಾಸ್ತಿ ಆಸೆ ಹುಟ್ಟಿಸೋದು ಬೇಡ, ಲೆಕ್ಕ ಹಾಕೋಣ. ಕತ್ತರಿಸಿದ ಮೇಲೆ ಬೇಗ ಹೋಗುವವರು 60 ಇದ್ದದ್ದು 45ಕ್ಕೆ ಇಳಿದರು ಅಂದುಕೊಳ್ಳಿ. ಉಳಿದ 55 ಜನ ಮುಂಚಿನಷ್ಟೇ ನೋಡ್ತಾರೆ, ಆದರೆ ಆ 70 ಸೆಕೆಂಡಿನ ಪೀಠಿಕೆ ಈಗ ಇಲ್ಲವಲ್ಲ, ಅದನ್ನು ಕಳೆಯಬೇಕು. ಅಂದರೆ 502ರ ಬದಲು 432 ಸೆಕೆಂಡ್. ಎರಡೂ ಸೇರಿಸಿದರೆ ಸರಾಸರಿ 244 ಸೆಕೆಂಡ್, 4 ನಿಮಿಷ 4 ಸೆಕೆಂಡ್. ವಿಡಿಯೋ ಈಗ 12 ನಿಮಿಷ 50 ಸೆಕೆಂಡ್, ಹಾಗಾಗಿ ಶೇಕಡಾ 25ರಿಂದ ಸುಮಾರು 32. ಸಾವಿರ ಸಲ ತೋರಿಸಿದರೆ 175 ನಿಮಿಷ ಸಿಗ್ತಿದ್ದದ್ದು ಈಗ 203. ಹೊಸದಾಗಿ ಒಂದು ಶಾಟ್ ತೆಗೆದಿಲ್ಲ, ಕಾಕಾ ಅವರನ್ನು ಮತ್ತೆ ಬಿಸಿಲಲ್ಲಿ ನಿಲ್ಲಿಸಿಲ್ಲ. 60 ಅನ್ನೋದು 45ಕ್ಕೇ ಇಳಿಯುತ್ತೆ ಅಂತ ಯಾರೂ ಬರೆದುಕೊಡೋಕಾಗಲ್ಲ, 50ಕ್ಕೆ ನಿಂತರೂ ಲಾಭವೇ.

ಇದೇ ಅಂಕಿ ದುಡ್ಡಿನ ದಾರಿಗೂ ಬರುತ್ತೆ. ಜಾಹೀರಾತಿನ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ಸಾರ್ವಜನಿಕ ವಾಚ್ ಟೈಮ್ ಬೇಕು ಅನ್ನೋದು ನಿಮಗೆ ಗೊತ್ತು. ಸರಾಸರಿ ಮೂರೂವರೆ ನಿಮಿಷವಾದರೆ ಅದಕ್ಕೆ ಸುಮಾರು 68,500 ವ್ಯೂ ಬೇಕು. ನಾಲ್ಕು ನಿಮಿಷ ದಾಟಿದರೆ 60,000ಕ್ಕಿಂತ ಕಮ್ಮಿ ಸಾಕು. ಬರೀ ಸಣ್ಣ ವಿಡಿಯೋದ 84 ಸೆಕೆಂಡ್ ನಂಬಿಕೊಂಡರೆ 1,71,000 ದಾಟಬೇಕು.

ಗ್ರಾಫಿನಲ್ಲಿ ಇನ್ನೊಂದು ಕಡೆ ನೋಡಿ. 6 ನಿಮಿಷ 40 ಸೆಕೆಂಡ್ ಹತ್ತಿರ ಗೆರೆ ಕೆಳಗೆ ಹೋಗೋ ಬದಲು ಸಣ್ಣ ಗುಡ್ಡದ ಹಾಗೆ ಎದ್ದಿದೆ. ಅಲ್ಲಿ ಕಾಕಾ, ಕಡ್ಡಿಯ ಕಣ್ಣಿಗೆ ಹಚ್ಚೋ ಪೇಸ್ಟಿಂಗ್ ದ್ರಾವಣ ಹೇಗೆ ಕಲಸೋದು ಅಂತ ಬಕೆಟ್ ಮುಂದೆ ಕೂತು ಹೇಳ್ತಾರೆ, ಪ್ರಮಾಣವನ್ನು ಒಂದೇ ಸಲ ಬಾಯಲ್ಲಿ ಹೇಳಿ ಮುಂದೆ ಹೋಗ್ತಾರೆ. ಗೆರೆ ಮೇಲೆ ಏಳೋದು ಅಂದರೆ ಜನ ಹಿಂದೆ ಎಳೆದು ಮತ್ತೆ ನೋಡಿದ್ದಾರೆ, ಇಲ್ಲವೇ ನೇರ ಅಲ್ಲಿಗೇ ಹಾರಿ ಬಂದಿದ್ದಾರೆ. ಕೆಲವು ಸಲ ಇದು ಆಸಕ್ತಿಯ ಗುರುತು, ಕೆಲವು ಸಲ ಅರ್ಥವಾಗದ್ದರ ಗುರುತು. ನಿಮ್ಮಲ್ಲಿ ಎರಡೂ ಇದೆ ಅಂತ ನನ್ನ ಅನಿಸಿಕೆ, ಯಾಕಂದರೆ ಕಾಮೆಂಟಿನಲ್ಲಿ "ಪ್ರಮಾಣ ಇನ್ನೊಮ್ಮೆ ಹೇಳ್ರಿ" ಅಂತ ಕೇಳಿದವರಿದ್ದಾರೆ. ಅದು ಔಷಧದ ವಿಷಯ, ತಪ್ಪಿ ಕೇಳಿಸಿಕೊಂಡು ಯಾರಾದರೂ ಜಾಸ್ತಿ ಹಚ್ಚಿದರೆ ಕಡ್ಡಿಯ ಕಣ್ಣು ಸುಟ್ಟು ಹೋಗುತ್ತೆ. ಅಳತೆಯನ್ನು ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಬೇಕಿತ್ತು. ಈಗ ಕಾಮೆಂಟಿನಲ್ಲಿ ಬರೆದು ಪಿನ್ ಮಾಡಿ, ಮುಂದಿನ ಸಲ ಅದಕ್ಕೇ ಒಂದು ವಿಡಿಯೋ ಇಡಿ.

11ನೇ ನಿಮಿಷದಲ್ಲಿ ಗೆರೆ ಕುಸಿಯೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೀವು "ಸರಿ ಹಾಗಾದ್ರೆ ಕಾಕಾ, ಕೊನೆಯದಾಗಿ" ಅಂದಿರಿ, ಜನ ಮುಗಿಯಿತು ಅಂತ ಎದ್ದರು. ಆ ಮಾತು ಬಿಟ್ಟರೆ ಸಾಕು.

ರೀಚ್ ಬಗ್ಗೆ ಎಲ್ಲರೂ ತಪ್ಪು ಓದೋ ಜಾಗ ಒಂದಿದೆ, ಅದನ್ನೂ ಹೇಳಿಬಿಡ್ತೀನಿ. ವಿಡಿಯೋ ಹಾಕಿದ ಮೊದಲ ದಿನ ಬರೋರು ನಿಮ್ಮ ಸಬ್‌ಸ್ಕ್ರೈಬರ್‌ಗಳು, ಊರವರು, ದ್ರಾಕ್ಷಿ ಬೆಳೆಯೋರು. ಅವರು ಚೆನ್ನಾಗಿ ನೋಡ್ತಾರೆ. ಅದನ್ನು ನೋಡಿ ಯೂಟ್ಯೂಬ್ ಇನ್ನೂ ದೂರದವರ ಮುಂದೆ ಇಡುತ್ತೆ, ದಾಳಿಂಬೆಯವರು, ಕಬ್ಬಿನವರು, ಸುಮ್ನೆ ಕೃಷಿ ವಿಡಿಯೋ ನೋಡೋರು. ಅವರಲ್ಲಿ ಒತ್ತೋರೂ ಕಮ್ಮಿ, ಕೂರೋರೂ ಕಮ್ಮಿ. ಆಗ ಸಿಟಿಆರ್, ಸರಾಸರಿ ಎರಡೂ ಇಳಿಯುತ್ತೆ. ಅದನ್ನು ನೋಡಿ ಗಾಬರಿಯಾಗಿ ಥಂಬ್‌ನೇಲ್ ಬದಲಿಸೋಕೆ ಹೋಗ್ತಾರೆ. ಇಂಪ್ರೆಶನ್ ಏರ್ತಾ ಸರಾಸರಿ ಇಳಿದರೆ ವಿಡಿಯೋ ಹರಡ್ತಿದೆ ಅಂತ ಅರ್ಥ, ಬಿದ್ದಿದೆ ಅಂತಲ್ಲ.

ಇಂಪ್ರೆಶನ್ನೇ ಇಳಿದು, ಸಿಟಿಆರ್ ಮತ್ತು ಸರಾಸರಿ ಹಾಗೇ ಇದ್ದರೆ? ಆಗ ವಿಡಿಯೋದಲ್ಲಿ ತಪ್ಪಿಲ್ಲ, ನೋಡೋ ಜನ ಇಲ್ಲ. ಅಕ್ಟೋಬರ್ ಚಾಟನಿ ಮುಗಿದ ಮೇಲೆ ಡಿಸೆಂಬರ್‌ನಲ್ಲಿ ಆ ವಿಡಿಯೋ ಯಾರಿಗೆ ಬೇಕು? ಕನ್ನಡದಲ್ಲಿ ದ್ರಾಕ್ಷಿ ಬೆಳೆಯೋರು ಇರೋದೇ ಇಷ್ಟು. ವಾಚ್ ಟೈಮ್ ಎಷ್ಟೇ ಚೆನ್ನಾಗಿದ್ದರೂ ಇಲ್ಲದ ಆಸಕ್ತಿಯನ್ನು ಹುಟ್ಟಿಸೋಕೆ ಆಗಲ್ಲ.

ನಿಮ್ಮ ಸ್ಕ್ರೀನ್‌ಶಾಟಿನಲ್ಲಿ ಟ್ರಾಫಿಕ್‌ನ ದೊಡ್ಡ ಪಾಲು ವಾಟ್ಸಾಪ್‌ನಿಂದ ಬಂದಿದೆ. ಗುಂಪುಗಳಿಗೆ ಹಾಕಿದ್ದೀರಿ, ಗೊತ್ತಾಗುತ್ತೆ. ಅಲ್ಲಿಂದ ಬಂದವರ ಸರಾಸರಿ 48 ಸೆಕೆಂಡ್, ಹುಡುಕಿಕೊಂಡು ಬಂದವರದು 5 ನಿಮಿಷದ ಮೇಲೆ. ಎರಡೂ ಸೇರಿ ನಿಮಗೆ 3.30 ತೋರಿಸುತ್ತಿದೆ. ದ್ರಾಕ್ಷಿ ಬೆಳೆಗಾರರ ಗುಂಪಿಗೆ ಹಾಕಿ, ಬೀಗರ ಗುಂಪಿಗೆ ಬೇಡ. "ನೀ ನಂದು ನೋಡು, ನಾ ನಿಂದು ನೋಡ್ತೀನಿ" ಅನ್ನೋ ಗುಂಪುಗಳಿಂದ ಪೂರ್ತಿ ದೂರ ಇರಿ. ಅದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ಹಾಗೆ ಬಂದ ಗಂಟೆಗಳನ್ನು ಅವರು ತೆಗೆದು ಹಾಕ್ತಾರೆ, ಚಾನೆಲ್ಲಿಗೂ ಪೆಟ್ಟು ಬೀಳುತ್ತೆ.

ಶಾರ್ಟ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಅಲ್ಲಿ ಒತ್ತಿ ಒಳಗೆ ಬರೋದೇ ಇಲ್ಲ, ವಿಡಿಯೋ ತಾನಾಗೇ ಮುಂದೆ ಬರುತ್ತೆ, ನೋಡಿದರಾ ತಳ್ಳಿದರಾ ಅನ್ನೋದೇ ಮೊದಲ ಪರೀಕ್ಷೆ. ಅಲ್ಲಿ ಕೊನೆತನಕ ನೋಡೋದಕ್ಕೆ ಬೆಲೆ ಜಾಸ್ತಿ, ಮತ್ತೆ ಮತ್ತೆ ತಿರುಗಿ ಓಡೋದರಿಂದ ಶೇಕಡಾ 100 ದಾಟೋದೂ ಉಂಟು. 2025ರ ಮಾರ್ಚ್ 31ರಿಂದ ಶಾರ್ಟ್ ಓಡಲು ಶುರುವಾದ ತಕ್ಷಣ ವ್ಯೂ ಅಂತ ಎಣಿಸ್ತಾರೆ, ಹಾಗಾಗಿ ಅಲ್ಲಿನ ವ್ಯೂಸ್ ನೋಡಿ ಇಲ್ಲಿನದರ ಜೊತೆ ಹೋಲಿಸಬೇಡಿ. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಸೇರೋದೂ ಇಲ್ಲ.

ಸಣ್ಣದಾ ದೊಡ್ಡದಾ ಅಂತ ಕೇಳಿದ್ದಿರಿ. ಚಾಟನಿ ಅನ್ನೋದು ಕಣ್ಣು ಎಣಿಸೋದರಿಂದ ಪೇಸ್ಟಿಂಗ್ ತನಕ ಇರೋ ಕೆಲಸ, ಅದಕ್ಕೆ ಹತ್ತು ಹನ್ನೆರಡು ನಿಮಿಷ ಬೇಕೇ ಬೇಕು, ಇರಲಿ. ಪೇಸ್ಟಿಂಗ್ ಅಳತೆಯೊಂದಕ್ಕೆ ಮೂರೋ ನಾಲ್ಕೋ ನಿಮಿಷ ಸಾಕು, ಅದನ್ನು ಎಳೆಯಬೇಡಿ. ಆ ಸಣ್ಣ ವಿಡಿಯೋದ ಕೊನೆಯಲ್ಲಿ ಎಂಡ್ ಸ್ಕ್ರೀನ್ ಹಾಕಿ ದೊಡ್ಡದಕ್ಕೆ ದಾರಿ ತೋರಿಸಿ. ಎರಡನ್ನೂ ಸೆಪ್ಟೆಂಬರ್ ಎರಡನೇ ವಾರದೊಳಗೆ ಸಿದ್ಧ ಇಟ್ಟುಕೊಳ್ಳಿ, ಜನ ಹುಡುಕೋಕೆ ಶುರು ಮಾಡೋದು ಆಗಲೇ. ಹಳೆಯ ವಿಡಿಯೋ ಕತ್ತರಿಸಿ ಎರಡು ವಾರ ಆದ ಮೇಲೆ, ಅನಾಲಿಟಿಕ್ಸ್‌ನಲ್ಲಿ ದಿನಾಂಕವನ್ನು ಕತ್ತರಿಸಿದ ದಿನದಿಂದ ಈಚೆಗೆ ಇಟ್ಟು, 30 ಸೆಕೆಂಡಿಗೆ ಗೆರೆ ಎಲ್ಲಿದೆ ನೋಡಿ ನನಗೆ ಬರೆಯಿರಿ. 50ರ ಮೇಲಿದ್ದರೆ ಮೊದಲ ಶಾಟ್ ಹಾಗೇ ಇರಲಿ. ಇನ್ನೂ 40ರ ಹತ್ತಿರವೇ ಇದ್ದರೆ ತೊಂದರೆ ಟೈಟಲಿನಲ್ಲಿದೆ, ಅದು ಹೇಳೋದಕ್ಕೂ ಕಾಕಾ ಮೊದಲು ಮಾಡೋದಕ್ಕೂ ಹೊಂದ್ತಿಲ್ಲ ಅಂತ.